ಕಿವಿಗೆ ಲೇಸರ್, ಸೂಜಿ, ಹಿಪ್ನಾಟಿಸಂ: ಸಿಗರೇಟ್ ಬಿಡಲು ಇವು ನಿಜಕ್ಕೂ ಕೆಲಸ ಮಾಡುತ್ತವಾ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ದಿನಕ್ಕೆ ಹದಿನೈದರಿಂದ ಹದಿನೆಂಟು ಸಿಗರೇಟ್ ಆಗುತ್ತೆ. ಎದ್ದ ಹತ್ತು ನಿಮಿಷಕ್ಕೆ ಮೊದಲನೆಯದು ಬೇಕೇ ಬೇಕು. ಮೂರು ಸಲ ಬಿಟ್ಟೆ, ಮೂರು ಸಲವೂ ಮತ್ತೆ ಹಿಡಿದೆ. ನನ್ನ ಭಾಮೈದ ಒಂದು ಸೆಂಟರ್‌ಗೆ ಹೋಗಿ ಕಿವಿಗೆ ಲೇಸರ್ ಹಾಕಿಸಿಕೊಂಡ. ಎರಡು ತಿಂಗಳಾಯ್ತು, ಒಂದೂ ಸೇದಿಲ್ಲ. ಒಂದೇ ಸಿಟಿಂಗ್, 9,000 ರೂಪಾಯಿ, ನೂರಕ್ಕೆ ತೊಂಬತ್ತು ಜನ ಬಿಡ್ತಾರಂತೆ. ನನ್ನ ಹೆಂಡತಿ ಹಿಪ್ನಾಟಿಸಂ ಮಾಡಿಸಿ ಅಂತಾಳೆ, ಆಫೀಸಿನವರೊಬ್ಬರು ಆಕ್ಯುಪಂಕ್ಚರ್ ಅಂತಾರೆ. ಇವುಗಳಲ್ಲಿ ಯಾವುದನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ಭಾಮೈದನಿಗೆ ನನ್ನ ಅಭಿನಂದನೆ ತಿಳಿಸಿ. ಎರಡು ತಿಂಗಳು ಒಂದೂ ಸೇದದೆ ಇರುವುದು ಸಣ್ಣ ಮಾತಲ್ಲ. ಆದರೆ ಅವರು ಬಿಟ್ಟಿದ್ದು ಎಷ್ಟು ನಿಜವೋ, ಬಿಡಿಸಿದ್ದು ಆ ಲೇಸರೇ ಅನ್ನುವುದು ಅಷ್ಟು ನಿಜವಲ್ಲ. ಈ ಎರಡನ್ನೂ ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ನೇರವಾಗಿ ಹೇಳಿಬಿಡುತ್ತೇನೆ. ಲೇಸರಿಗೆ ನಂಬುವಂಥ ಆಧಾರ ಇಲ್ಲ. ಆಕ್ಯುಪಂಕ್ಚರ್ ಮೊದಲ ಕೆಲವು ವಾರ ಸ್ವಲ್ಪ ಆಸರೆ ಕೊಟ್ಟಂತೆ ಕಾಣುತ್ತದೆ, ಆರು ತಿಂಗಳ ಹೊತ್ತಿಗೆ ಆ ವ್ಯತ್ಯಾಸ ಉಳಿಯುವುದಿಲ್ಲ. ಹಿಪ್ನಾಟಿಸಂ ಬಗ್ಗೆ ಹೌದು ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. ಇದ್ದರೂ ದೊಡ್ಡ ಲಾಭವೇನಲ್ಲ. ನಿಮ್ಮ 9,000 ರೂಪಾಯಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೀಗೆ ಹೇಳುವುದು ಯಾವ ಲೆಕ್ಕದ ಮೇಲೆ ಅಂತ ನಿಮಗೆ ಗೊತ್ತಾಗಬೇಕು. ಯಾವುದೇ ಚಿಕಿತ್ಸೆ ಕೆಲಸ ಮಾಡುತ್ತದೋ ಇಲ್ಲವೋ ನೋಡುವುದಕ್ಕೆ ಒಂದು ಸರಳ ಉಪಾಯ ಇದೆ. ಅದರ ಪಕ್ಕದಲ್ಲಿ ಅದೇ ಥರ ಕಾಣುವ ಹುಸಿ ಚಿಕಿತ್ಸೆಯೊಂದನ್ನು ಇಟ್ಟು ಹೋಲಿಸುವುದು. ತನಗೆ ಸಿಕ್ಕಿದ್ದು ಅಸಲಿಯೋ ಹುಸಿಯೋ ಅಂತ ಸೇದುವವರಿಗೂ ಗೊತ್ತಿರಬಾರದು. ನಿಮ್ಮ ಮೂರು ಚಿಕಿತ್ಸೆಗಳಲ್ಲಿ ಹುಸಿ ಮಾಡಲು ತುಂಬಾ ಸುಲಭ ಲೇಸರ್. ಸೂಜಿ ಸ್ವಲ್ಪ ಕಷ್ಟ. ಹಿಪ್ನಾಟಿಸಂ ಹೆಚ್ಚುಕಮ್ಮಿ ಅಸಾಧ್ಯ. ನಮಗೆ ಸಿಗುವ ಉತ್ತರ ಕೂಡ ಇದೇ ಕ್ರಮದಲ್ಲಿ ಸ್ಪಷ್ಟದಿಂದ ಮಸುಕಾಗುತ್ತಾ ಹೋಗುತ್ತದೆ.

ಲೇಸರಿನಿಂದ ಶುರು ಮಾಡೋಣ. ಇದು ಆಪರೇಷನ್‌ಗೆ ಬಳಸುವ, ಸುಡುವ ಲೇಸರ್ ಅಲ್ಲ. ಬಹಳ ಕಡಿಮೆ ಶಕ್ತಿಯ ಬೆಳಕು. ಪೆನ್ನಿನಂಥ ಒಂದು ಉಪಕರಣವನ್ನು ಕಿವಿಯ ಮೇಲಿನ ಕೆಲವು ಬಿಂದುಗಳಿಗೆ, ಕೆಲವೊಮ್ಮೆ ಮೂಗಿನ ಪಕ್ಕ ಮತ್ತು ಮಣಿಕಟ್ಟಿಗೂ, ಸ್ವಲ್ಪ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಆ ಬಿಂದುಗಳು ಆಕ್ಯುಪಂಕ್ಚರಿನವು, ಸೂಜಿಯ ಬದಲು ಬೆಳಕು ಅಷ್ಟೇ. ಬಿಸಿ ಆಗುವುದಿಲ್ಲ, ಚುಚ್ಚುವುದಿಲ್ಲ, ಚರ್ಮಕ್ಕೆ ಏನೂ ಗೊತ್ತಾಗುವುದಿಲ್ಲ. ಇದರಿಂದ ಮೆದುಳಿನಲ್ಲಿ ಎಂಡಾರ್ಫಿನ್ ಎಂಬ, ನೋವು ತಗ್ಗಿಸುವ ರಾಸಾಯನಿಕ ಬಿಡುಗಡೆಯಾಗಿ, ನಿಕೋಟಿನ್ ಇಲ್ಲದ ಕಷ್ಟ ತಗ್ಗುತ್ತದೆ ಅನ್ನುವುದು ಅವರ ವಿವರಣೆ.

ಏನೂ ಗೊತ್ತಾಗದ ಚಿಕಿತ್ಸೆ ಅಂದರೆ ಪರೀಕ್ಷೆ ಮಾಡುವವರಿಗೆ ಹಬ್ಬ. ಹುಸಿ ಮಾಡಿದರೂ ಯಾರಿಗೂ ತಿಳಿಯುವುದಿಲ್ಲ ಅಲ್ವಾ? ಸಿಂಗಾಪುರದಲ್ಲಿ ಇದನ್ನೇ ಮಾಡಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಸಿಗರೇಟ್ ಸೇದುತ್ತಿದ್ದ 330 ಹದಿಹರೆಯದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಲೇಸರ್ ಆಕ್ಯುಪಂಕ್ಚರ್, ಇನ್ನೊಂದಕ್ಕೆ ತೋರಿಕೆಯದ್ದು. ಯಾರಿಗೆ ಯಾವುದು ಅಂತ ಆ ಹುಡುಗರಿಗೆ ಗೊತ್ತಿರಲಿಲ್ಲ.

ಚಿಕಿತ್ಸೆ ಮುಗಿದಾಗ ಲೇಸರ್ ಗುಂಪಿನಲ್ಲಿ ಪೂರ್ತಿ ಬಿಟ್ಟವರು ಶೇ. 21.9. ಆ ಅಂಕಿಯೊಂದನ್ನೇ ಹಿಡಿದು ಜಾಹೀರಾತು ಕೊಟ್ಟಿದ್ದರೆ ಹೇಗಿರುತ್ತಿತ್ತು ಯೋಚಿಸಿ. ಐವರಲ್ಲಿ ಒಬ್ಬರಿಗಿಂತ ಜಾಸ್ತಿ! ಆದರೆ ಹುಸಿ ಲೇಸರ್ ಗುಂಪಿನಲ್ಲೂ ಶೇ. 21.4 ಮಂದಿ ಬಿಟ್ಟಿದ್ದರು. ಮೂರು ತಿಂಗಳ ನಂತರ ಕೇಳಿದಾಗ ಲೇಸರ್ ಪಡೆದವರಲ್ಲಿ ಶೇ. 24.8, ಹುಸಿ ಪಡೆದವರಲ್ಲಿ ಶೇ. 26.2. ಎರಡೂ ಒಂದೇ ಅಂತ ಓದಿಕೊಳ್ಳಬೇಕು.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಹುಸಿ ಗುಂಪಿನ ಹುಡುಗರೂ ನಿಮ್ಮ ಭಾಮೈದನ ಹಾಗೆ ಮನೆಗೆ ಹೋಗಿ, "ಲೇಸರ್ ಹಾಕಿಸಿಕೊಂಡೆ, ಬಿಟ್ಟೆ" ಅಂತಲೇ ಹೇಳಿರಬೇಕು. ಸುಳ್ಳಲ್ಲ. ಅವರು ಬಿಟ್ಟಿದ್ದರು. ಬಿಡಿಸಿದ್ದು ಮಾತ್ರ ಬೆಳಕಲ್ಲ. ಒಂದು ದಿನ ಗೊತ್ತು ಮಾಡಿಕೊಂಡದ್ದು, ಅದಕ್ಕಾಗಿ ಮನೆಯಿಂದ ಹೊರಟದ್ದು, ಒಬ್ಬರ ಮುಂದೆ ಕೂತು "ಇವತ್ತಿನಿಂದ ಇಲ್ಲ" ಅಂದದ್ದು, ಆಮೇಲೆ ಯಾರೋ "ಹೇಗಿದೀಯ" ಅಂತ ಕೇಳಿದ್ದು, ಇವೆಲ್ಲ ಸೇರಿ ಕೆಲಸ ಮಾಡಿರುತ್ತವೆ. ನಿಮ್ಮ ಭಾಮೈದ ಕೊಟ್ಟ 9,000 ರೂಪಾಯಿ ಕೂಡ ಅದರಲ್ಲಿ ಒಂದು. ಅಷ್ಟು ದುಡ್ಡು ಎಣಿಸಿ ಕೊಡುವವರು ಆಗಲೇ ಬಿಡುವ ನಿರ್ಧಾರಕ್ಕೆ ಬಂದಿರುತ್ತಾರೆ.

ಎಲ್ಲ ಪ್ರಯೋಗಗಳೂ ಸಿಂಗಾಪುರದ ಥರವೇ ಬಂದಿಲ್ಲ ಅನ್ನುವುದನ್ನೂ ಹೇಳಬೇಕು. ಲೇಸರ್ ಗುಂಪಿಗೆ ಒಳ್ಳೆಯ ಫಲ ಬಂದಿರುವ ಪ್ರಯೋಗವೂ ಇದೆ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದು 2014ರಲ್ಲಿ ನೋಡಿದಾಗ ಲೇಸರಿನ ಪ್ರಯೋಗಗಳು ಒಂದಕ್ಕೊಂದು ಎಷ್ಟು ಹೊಂದಲಿಲ್ಲವೆಂದರೆ, ಅವನ್ನು ಕೂಡಿಸಿ ಒಂದು ಸಂಖ್ಯೆ ಹೇಳುವುದಕ್ಕೂ ಆಗಲಿಲ್ಲ. ಇಷ್ಟು ತೆಳುವಾದ ಆಧಾರದ ಮೇಲೆ ನನ್ನ ರೋಗಿಯಿಂದ ನಾನು 9,000 ರೂಪಾಯಿ ತೆಗೆದುಕೊಳ್ಳಲಾರೆ.

ಲೇಸರ್ ಸೆಂಟರ್‌ಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ. "ಮೂರು ದಿನದಲ್ಲಿ ಮೈಯಲ್ಲಿರುವ ನಿಕೋಟಿನ್ ಎಲ್ಲ ಹೊರಗೆ ಹೋಗುತ್ತದೆ." ಈ ಮಾತು ಹೆಚ್ಚುಕಮ್ಮಿ ನಿಜ. ಆದರೆ ಲೇಸರ್ ಹಾಕಿಸದಿದ್ದರೂ ಹೋಗುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ನಿಮಗೆ ಬೆಳಗ್ಗೆ ಎದ್ದ ತಕ್ಷಣ ಬೇಕು ಅನಿಸುವುದು, ರಾತ್ರಿಯಿಡೀ ಇಳಿದು ಖಾಲಿಯಾಗಿರುತ್ತದೆ. ನಿಕೋಟಿನ್ ಮೈಯಲ್ಲಿ ಉಳಿದುಕೊಂಡಿರುವುದು ತೊಂದರೆಯಲ್ಲ, ಅದು ಬೇಗ ಬೇಗ ಖಾಲಿಯಾಗುವುದೇ ತೊಂದರೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿಕೊಂಡ ಮೆದುಳು ಮೊದಲ ಎರಡು ಮೂರು ದಿನ ಜೋರಾಗಿ ಗಲಾಟೆ ಮಾಡುತ್ತದೆ. ಸಿಟ್ಟು, ಚಡಪಡಿಕೆ, ನಿದ್ದೆ ಕೆಡುವುದು, ಹಸಿವು ಜಾಸ್ತಿ. ಎರಡರಿಂದ ನಾಲ್ಕು ವಾರದಲ್ಲಿ ಇದು ಬಹುಪಾಲು ತಗ್ಗುತ್ತದೆ. ತಾನಾಗಿಯೇ ಸುಧಾರಿಸುವ ಒಂದು ಕಷ್ಟದ ಪಕ್ಕದಲ್ಲಿ ಯಾವ ಯಂತ್ರ ಇಟ್ಟರೂ ಅದೇ ಗುಣ ಮಾಡಿದಂತೆ ಕಾಣುತ್ತದೆ.

ಈಗ ಆ ತೊಂಬತ್ತಕ್ಕೆ ಬರೋಣ. ಯಾವ ಸೆಂಟರಿನ ನಿಜವಾದ ಪುಸ್ತಕವೂ ನನ್ನ ಮುಂದೆ ಇಲ್ಲ. ಇಂಥ ಅಂಕಿ ಹೇಗೆ ಹುಟ್ಟಬಹುದು ಅಂತ ಸುಮ್ನೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನೂರು ಜನ ಬಂದರು ಅಂತಿಟ್ಟುಕೊಳ್ಳಿ. ತಿಂಗಳಾದ ಮೇಲೆ ಎಲ್ಲರಿಗೂ ಫೋನ್ ಮಾಡಿದರು. ನಲವತ್ತು ಜನ ಎತ್ತಿದರು. ಅವರಲ್ಲಿ ಮೂವತ್ತಾರು ಜನ "ಸೇದಿಲ್ಲ" ಅಂದರು. ನಲವತ್ತರಲ್ಲಿ ಮೂವತ್ತಾರು ಅಂದರೆ ಶೇ. 90. ಫೋನ್ ಎತ್ತದ ಅರವತ್ತು ಜನ ಲೆಕ್ಕದಿಂದಲೇ ಮಾಯ. ಮತ್ತೆ ಸೇದಲು ಶುರು ಮಾಡಿದವರಿಗೆ ಆ ನಂಬರ್ ನೋಡಿದರೆ ಎತ್ತಲು ಮನಸ್ಸು ಬರುತ್ತದಾ?

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಕೈಗೆ ಸಿಗದವರನ್ನೆಲ್ಲ ಮತ್ತೆ ಸೇದುತ್ತಿದ್ದಾರೆ ಅಂತಲೇ ಎಣಿಸಬೇಕು. ಆಗ ಆ ತೊಂಬತ್ತು ಮೂವತ್ತಾರಕ್ಕೆ ಇಳಿಯುತ್ತದೆ. ಒಂದು ತಿಂಗಳಿಗೆ ನಿಲ್ಲಿಸದೆ ಕನಿಷ್ಠ ಆರು ತಿಂಗಳು ನೋಡಬೇಕು. ಅಷ್ಟರಲ್ಲಿ ಇನ್ನೂ ಇಳಿಯುತ್ತದೆ. ಕೊನೆಗೆ ಬಾಯಿಮಾತನ್ನಷ್ಟೇ ನಂಬದೆ ಉಸಿರು ಪರೀಕ್ಷೆ ಮಾಡಬೇಕು. ಹದಿನೈದು ಸೆಕೆಂಡ್ ಉಸಿರು ಹಿಡಿದು ಒಂದು ಸಣ್ಣ ಯಂತ್ರಕ್ಕೆ ಊದಿದರೆ ಅದು ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಅಂತ ತೋರಿಸುತ್ತದೆ. ಹತ್ತು ದಾಟಿದರೆ ಸೇದುತ್ತಿದ್ದಾರೆ ಅಂತ ಬಹಳ ಕಾಲದಿಂದ ನಡೆದುಬಂದ ಲೆಕ್ಕ, ಈಗ ಆರರ ಆಸುಪಾಸಿಗೇ ಅನುಮಾನ ಪಡುತ್ತಾರೆ. ಆದರೆ ಈ ಯಂತ್ರಕ್ಕೂ ಒಂದು ಮಿತಿ ಇದೆ. ಆ ಅನಿಲ ನಾಲ್ಕಾರು ಗಂಟೆಗೊಮ್ಮೆ ಅರ್ಧವಾಗುವುದರಿಂದ ಇವತ್ತು, ನಿನ್ನೆಯ ಸೇದಾಟ ಮಾತ್ರ ಸಿಕ್ಕಿಬೀಳುತ್ತದೆ. ಹೋದ ವಾರದ್ದು ಸಿಗುವುದಿಲ್ಲ.

ನೀವು ಆ ಸೆಂಟರಿಗೆ ಫೋನ್ ಮಾಡುವುದಾದರೆ ಒಂದೇ ಪ್ರಶ್ನೆ ಕೇಳಿ. "ಹೋದ ವರ್ಷ ದುಡ್ಡು ಕಟ್ಟಿದ ಎಲ್ಲರಲ್ಲಿ, ಆರು ತಿಂಗಳಾದ ಮೇಲೆ, ಉಸಿರು ಪರೀಕ್ಷೆ ಮಾಡಿ, ಎಷ್ಟು ಜನ ಬಿಟ್ಟಿದ್ದರು?" ಉತ್ತರ ಸಂಖ್ಯೆಯಲ್ಲಿ ಬರುತ್ತದೋ ಮಾತಿನಲ್ಲಿ ಬರುತ್ತದೋ ನೋಡಿ.

ಇನ್ನು ಸೂಜಿ. ಸಿಗರೇಟ್ ಬಿಡಿಸಲು ಹೆಚ್ಚಾಗಿ ಬಳಸುವುದು ಕಿವಿಯ ಆಕ್ಯುಪಂಕ್ಚರ್. ಇದಕ್ಕೆ ಸ್ವಾರಸ್ಯವಾದ ಹಿನ್ನೆಲೆ ಇದೆ. 1970ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನ ನರಶಸ್ತ್ರವೈದ್ಯ ವೆನ್ ಅವರು ಬೇರೆ ಕಾರಣಕ್ಕೆ ಸೂಜಿ ಚಿಕಿತ್ಸೆ ಪಡೆಯುತ್ತಿದ್ದ ಅಫೀಮು ವ್ಯಸನಿಗಳಲ್ಲಿ ಚಡಪಡಿಕೆ ಕಡಿಮೆಯಾದದ್ದನ್ನು ಗಮನಿಸಿದರು. ಅದು ಅಮೆರಿಕದ ನ್ಯೂಯಾರ್ಕ್‌ಗೆ ಹೋಗಿ, ಅಲ್ಲಿನ ಲಿಂಕನ್ ಆಸ್ಪತ್ರೆಯಲ್ಲಿ ಕಿವಿಯ ಐದು ಬಿಂದುಗಳ ಪದ್ಧತಿಯಾಗಿ ಬೆಳೆಯಿತು. ಸಿಗರೇಟಿಗೂ ಬಳಸತೊಡಗಿದರು. ಶುರುವಾದದ್ದು ಒಬ್ಬ ವೈದ್ಯರ ಪ್ರಾಮಾಣಿಕ ಗಮನಿಕೆಯಿಂದ, ಅದರಲ್ಲಿ ತಪ್ಪೇನಿಲ್ಲ.

ಪರೀಕ್ಷೆ ಮಾಡುವವರು ಇಲ್ಲಿ ಹುಸಿ ಸೂಜಿಯನ್ನು ಬಳಸಿದರು. ಸಿಗರೇಟಿಗೆ ಸಂಬಂಧವಿಲ್ಲ ಎನ್ನುವ ಜಾಗಕ್ಕೆ ಚುಚ್ಚುವುದು, ಇಲ್ಲವೇ ಚರ್ಮದೊಳಕ್ಕೆ ಹೋಗದೆ ಹಿಡಿಕೆಯೊಳಗೇ ಜಾರಿಕೊಳ್ಳುವ ಸೂಜಿ. ಕಾಕ್ರೇನ್ 2014ರಲ್ಲಿ ಆಕ್ಯುಪಂಕ್ಚರ್ ಮತ್ತು ಅದರ ಜಾತಿಯ ಚಿಕಿತ್ಸೆಗಳ 38 ಪ್ರಯೋಗಗಳನ್ನು ಒಟ್ಟು ಮಾಡಿತು. ಮೊದಲ ವಾರಗಳಲ್ಲಿ ಹುಸಿ ಸೂಜಿಯವರಿಗಿಂತ ಅಸಲಿ ಸೂಜಿಯವರು ಸ್ವಲ್ಪ ಮುಂದಿದ್ದರು. ಹುಸಿಯಲ್ಲಿ ಹತ್ತು ಜನ ಬಿಟ್ಟರೆ ಅಸಲಿಯಲ್ಲಿ ಸುಮಾರು ಹನ್ನೆರಡು ಜನ ಅನ್ನುವಷ್ಟು. ಆರು ತಿಂಗಳು ಮತ್ತು ಅದರಾಚೆಗೆ ಆ ಮುನ್ನಡೆ ನಂಬುವಷ್ಟು ಉಳಿಯಲಿಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಅಗಿಯುವ ನಿಕೋಟಿನ್ ಗಮ್‌ಗಳ ಜೊತೆ ಹೋಲಿಸಿದಾಗಲಂತೂ ಸೂಜಿ ಹಿಂದೆ ಬಿತ್ತು. ನಿಮ್ಮ ಆಫೀಸಿನವರಿಗೆ ಹೇಳಬೇಕಾದ್ದು ಈ ಕೊನೆಯ ಮಾತನ್ನೇ.

ಆರು ತಿಂಗಳಿಗೆ ಇಷ್ಟು ಒತ್ತು ಯಾಕೆ ಅಂದರೆ, ಒಂದು ರೋಗಿಯ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸ ಮಾಡುವವರು. ನನ್ನ ಮುಂದೆ ಕೂತಾಗ ಎಡಗಿವಿಯ ಮೇಲೆ ಸಾಸಿವೆ ಕಾಳಿನಷ್ಟು ಎತ್ತರದ, ಚರ್ಮದ ಬಣ್ಣದ ಮೂರು ಪ್ಲಾಸ್ಟರ್ ಚುಕ್ಕಿಗಳಿದ್ದವು. ಒಳಗೆ ಪುಟ್ಟ ಬೀಜ ಇಟ್ಟು ಅಂಟಿಸಿದ್ದರು. ಸೇದಬೇಕು ಅನಿಸಿದಾಗಲೆಲ್ಲ ಅದನ್ನು ಒತ್ತಿಕೊಳ್ಳಬೇಕು. ಹನ್ನೊಂದು ದಿನ ಒತ್ತಿಕೊಂಡೇ ಕಳೆದಿದ್ದರು. ಹನ್ನೆರಡನೇ ದಿನ ನೆಂಟರ ಮದುವೆ. ಊಟ ಆದ ಮೇಲೆ ಚೌಲ್ಟ್ರಿ ಹಿಂದೆ ಗೆಳೆಯರು ನಿಂತಿದ್ದರು. "ಒಂದೇ ಒಂದು" ಅಂತ ಶುರುವಾದದ್ದು ಸಂಜೆಗೆ ನಾಲ್ಕಾಯಿತು. ನನ್ನ ಹತ್ತಿರ ಬಂದ ದಿನ ಊದಿಸಿದಾಗ ಯಂತ್ರ 17 ತೋರಿಸಿತು. ಅವರು ತಲೆ ತಗ್ಗಿಸಿ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಸಾರ್, ಚಿಕಿತ್ಸೆ ಸರಿಯಾಗೇ ಇತ್ತಂತೆ. ನಿನ್ನ ಮನಸ್ಸೇ ಗಟ್ಟಿ ಇಲ್ಲ ಅಂದರು."

ನನಗೆ ಸಿಟ್ಟು ಬರುವುದು ಇಲ್ಲಿ. ಬಿಟ್ಟರೆ ಚಿಕಿತ್ಸೆಯಿಂದ, ಬಿಡದಿದ್ದರೆ ರೋಗಿಯ ತಪ್ಪಿನಿಂದ ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಆ ಮನುಷ್ಯನ ಮನಸ್ಸು ಹನ್ನೊಂದು ದಿನ ಗಟ್ಟಿಯಾಗೇ ಇತ್ತು. ಮೆದುಳಿನ ತಲುಬಿಗೆ ಏನೂ ಆಸರೆ ಇರಲಿಲ್ಲ, ಊಟದ ನಂತರದ ಆ ಐದು ನಿಮಿಷಕ್ಕೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಹೊತ್ತಿಗೆ ಉಳಿಯುವವರು ಮೂವರಿಂದ ಐವರು. ಮತ್ತೆ ಹಿಡಿಯುವವರಲ್ಲಿ ಬಹಳಷ್ಟು ಜನ ಮೊದಲ ಎಂಟೇ ದಿನದಲ್ಲಿ ಹಿಡಿದಿರುತ್ತಾರೆ. ನಿಮ್ಮ ಮೂರು ಸೋಲೂ ಇದರೊಳಗೇ ಬರುತ್ತದೆ, ಅದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಸೂಜಿಯ ಅಪಾಯದ ಬಗ್ಗೆ ಒಂದು ಮಾತು. ಒಮ್ಮೆ ಬಳಸಿ ಬಿಸಾಡುವ ಸೂಜಿ, ಕಲಿತ ಕೈ ಆದರೆ ದೊಡ್ಡ ತೊಂದರೆ ಅಪರೂಪ. ಆದರೆ ದಿನಗಟ್ಟಲೆ ಕಿವಿಯಲ್ಲೇ ಬಿಡುವ ಪುಟ್ಟ ಸೂಜಿಯನ್ನು ನಾನು ಬೇಡ ಅನ್ನುತ್ತೇನೆ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಬೇಡವೇ ಬೇಡ. ಕಿವಿಯ ಮೃದ್ವಸ್ಥಿಗೆ ರಕ್ತದ ಹರಿವು ಕಡಿಮೆ. ಅಲ್ಲಿ ಸೋಂಕು ಹತ್ತಿದರೆ ಬೇಗ ವಾಸಿಯಾಗುವುದಿಲ್ಲ, ಕಿವಿಯ ಆಕಾರವೇ ಕೆಡಬಹುದು. ಕಿವಿ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋವು ಅಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ನಿಮ್ಮ ಮನೆಯವರು ಹೇಳಿದ ಹಿಪ್ನಾಟಿಸಂ. ಸಿನಿಮಾದಲ್ಲಿ ತೋರಿಸುವ ವಶೀಕರಣ ಇದಲ್ಲ. ನಿಮಗೆ ಎಚ್ಚರ ಇರುತ್ತದೆ. ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ಒಂದೇ ಕಡೆ ಗಮನ ಇಟ್ಟಾಗ ಮನಸ್ಸು ಒಂದು ಮಾತನ್ನು ಬೇಗ ಒಪ್ಪಿಕೊಳ್ಳುವ ಸ್ಥಿತಿಗೆ ಬರುತ್ತದೆ. ಆಗ ಚಿಕಿತ್ಸಕರು ಸಿಗರೇಟಿನ ಬಗ್ಗೆ, ನಿಮ್ಮ ದೇಹದ ಬಗ್ಗೆ ಕೆಲವು ಮಾತು ಹೇಳುತ್ತಾರೆ. ಅಮೆರಿಕದ ಮನೋವೈದ್ಯ ಹರ್ಬರ್ಟ್ ಸ್ಪೀಗಲ್ ಅವರ ಪದ್ಧತಿಯಲ್ಲಿ ಆ ಮಾತು ಮೂರೇ. ದೇಹಕ್ಕೆ ಹೊಗೆ ವಿಷ, ಬದುಕಲು ನಿಮಗೆ ಈ ದೇಹ ಬೇಕು, ಅದನ್ನು ಕಾಪಾಡುವ ಹೊಣೆ ನಿಮ್ಮದು. ಇದನ್ನು ದಿನಕ್ಕೆ ಹಲವು ಸಲ ತಾವೇ ಹೇಳಿಕೊಳ್ಳುವ ಹಾಗೆ ಕಲಿಸುತ್ತಾರೆ. 1993ರಲ್ಲಿ ಪ್ರಕಟವಾದ ವರದಿಯಲ್ಲಿ, ಹೀಗೆ ಒಂದೇ ಸಿಟಿಂಗ್ ಪಡೆದ 226 ಜನರಲ್ಲಿ ಒಂದು ವಾರಕ್ಕೆ ಅರ್ಧದಷ್ಟು ಜನ ಬಿಟ್ಟಿದ್ದರು. ಎರಡು ವರ್ಷಕ್ಕೆ ಉಳಿದವರು ಶೇ. 23. ಕೇಳಲು ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಸಿಂಗಾಪುರದ ಹುಸಿ ಗುಂಪನ್ನು ನೆನೆಸಿಕೊಳ್ಳಿ, ಆ ಕೊರತೆ ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ಹುಸಿ ಹಿಪ್ನಾಟಿಸಂ ಮಾಡುವುದು ಹೇಗೆ ಹೇಳಿ? ಮೆತ್ತಗಿನ ದನಿಯಲ್ಲಿ ಮಾತಾಡಿ ಕಣ್ಣು ಮುಚ್ಚಿಸಿದರೆ ಅದೇ ಅಸಲಿ ಆಗಿಬಿಡುತ್ತದೆ. ಆದ್ದರಿಂದ ಬೇರೆ ಚಿಕಿತ್ಸೆಯ ಜೊತೆ ಹೋಲಿಸಬೇಕು. ಅಷ್ಟೇ ಹೊತ್ತು, ಅಷ್ಟೇ ಸಲ ಸಾಮಾನ್ಯ ಸಮಾಲೋಚನೆ ಕೊಟ್ಟು ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥ ಒಂದು ಒಳ್ಳೆಯ ಪ್ರಯೋಗ ನಡೆದು 2008ರಲ್ಲಿ ಪ್ರಕಟವಾಯಿತು. 286 ಜನ. ಎಲ್ಲರಿಗೂ ನಿಕೋಟಿನ್ ಪ್ಯಾಚ್ ಕೊಟ್ಟರು. ಅರ್ಧ ಜನಕ್ಕೆ ಜೊತೆಗೆ ಹಿಪ್ನಾಟಿಸಂ, ಉಳಿದವರಿಗೆ ಸಮಾಲೋಚನೆ. ವರ್ಷವಾದ ಮೇಲೆ ಪರೀಕ್ಷೆಯಿಂದ ಖಚಿತ ಮಾಡಿಕೊಂಡಾಗ ಹಿಪ್ನಾಟಿಸಂ ಗುಂಪಿನಲ್ಲಿ ಶೇ. 20, ಇನ್ನೊಂದರಲ್ಲಿ ಶೇ. 14 ಮಂದಿ ಬಿಟ್ಟಿದ್ದರು. ಹಿಪ್ನಾಟಿಸಂ ಮುಂದೆ ಇದೆ. ಆದರೆ ಇಷ್ಟು ಸಣ್ಣ ಗುಂಪಿನಲ್ಲಿ ಇಷ್ಟು ಅಂತರ ಅದೃಷ್ಟದಿಂದಲೂ ಬರಬಹುದು. ನಾಣ್ಯ ಹತ್ತು ಸಲ ಚಿಮ್ಮಿದಾಗ ಆರು ಸಲ ರಾಜ ಬಿದ್ದ ಹಾಗೆ.

2019ರಲ್ಲಿ ಕಾಕ್ರೇನ್ ಹಿಪ್ನಾಟಿಸಂನ 14 ಪ್ರಯೋಗಗಳನ್ನು, ಒಟ್ಟು 1,926 ಜನರನ್ನು ಸೇರಿಸಿ ನೋಡಿತು. ಬೇರೆ ಬಗೆಯ ಸಮಾಲೋಚನೆಗಿಂತ ಇದು ಮೇಲು ಅನ್ನಲು ಸಾಕಷ್ಟು ಆಧಾರ ಇಲ್ಲ, ಲಾಭ ಇದ್ದರೂ ಅದು ಚಿಕ್ಕದು ಅಂತ ತೀರ್ಮಾನಿಸಿತು. "ಕೆಲಸ ಮಾಡುವುದಿಲ್ಲ ಅಂತ ಸಾಬೀತಾಗಿದೆ" ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಆದ್ದರಿಂದ ಮೂರರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ನಾನು ನಿಮ್ಮ ಮನೆಯವರ ಪಕ್ಷ. ಆದರೆ ಎರಡು ಷರತ್ತು. ಮಾಡುವವರು ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರಾಗಿರಬೇಕು. ಒಂದೇ ಸಿಟಿಂಗ್‌ಗೆ ಗ್ಯಾರಂಟಿ ಕೊಡುವವರಾಗಿರಬಾರದು. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಕೂಡ ಅದು ಪ್ಯಾಚಿನ ಬದಲಿಗೆ ಬಂದದ್ದಲ್ಲ, ಪ್ಯಾಚಿನ ಜೊತೆಗೆ ಬಂದದ್ದು. ಇದನ್ನು ಮರೆಯಬೇಡಿ.

ಹಾಗಾದರೆ ಪ್ಯಾಚು, ಮಾತ್ರೆಗಳೇನು ಪವಾಡವಾ? ಅಲ್ಲ. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಜಾಸ್ತಿ ಜನರ ಒಂದು ದೊಡ್ಡ ಪ್ರಯೋಗ ಇದೆ. ಎಲ್ಲರಿಗೂ ಸಲಹೆ ಸಿಗುತ್ತಿತ್ತು. ಒಂಬತ್ತನೇ ವಾರದಿಂದ ಇಪ್ಪತ್ನಾಲ್ಕನೇ ವಾರದವರೆಗೆ ಸತತವಾಗಿ ಬಿಟ್ಟವರನ್ನು ಎಣಿಸಿದರು. ಹುಸಿ ಮಾತ್ರೆಯವರಲ್ಲಿ ನೂರಕ್ಕೆ ಸುಮಾರು ಒಂಬತ್ತು, ಪ್ಯಾಚಿನವರಲ್ಲಿ ಹದಿನಾರು, ವಾರೆನಿಕ್ಲಿನ್ ಎಂಬ ಮಾತ್ರೆಯವರಲ್ಲಿ ಇಪ್ಪತ್ತೆರಡು. ನೋಡಿ, ಗಟ್ಟಿಯಾಗಿ ಅಳೆದಾಗ ಅತಿ ಒಳ್ಳೆಯ ಔಷಧಕ್ಕೂ ಸಿಗುವುದು ಇಷ್ಟೇ. ತೊಂಬತ್ತು ಅನ್ನುವವರನ್ನು ನಾನು ನಂಬದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಇಲ್ಲಿ ಹುಸಿಗೂ ಅಸಲಿಗೂ ನಡುವೆ ಎದ್ದು ಕಾಣುವ ಅಂತರ ಇದೆ, ಸಿಂಗಾಪುರದ ಲೇಸರಿನಲ್ಲಿ ಅದು ಇರಲಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಎದ್ದ ಹತ್ತು ನಿಮಿಷಕ್ಕೆ ಬೇಕು ಅಂದರೆ ನಿಮ್ಮ ದೇಹ ನಿಕೋಟಿನ್‌ಗೆ ಚೆನ್ನಾಗಿ ಒಗ್ಗಿದೆ. ಅಂಥವರಿಗೆ ನಾನು ಪ್ಯಾಚು ಮತ್ತು ಗಮ್ ಎರಡನ್ನೂ ಸೇರಿಸಿ ಕೊಡುತ್ತೇನೆ. ಒಂದಕ್ಕಿಂತ ಎರಡು ಸೇರಿದರೆ ಹೆಚ್ಚು ಜನ ಬಿಡುತ್ತಾರೆ ಅನ್ನುವುದಕ್ಕೆ ಆಧಾರ ಚೆನ್ನಾಗಿದೆ. 21 ಮಿಲಿಗ್ರಾಂ ಪ್ಯಾಚನ್ನು ಬಿಡುವ ದಿನ ಬೆಳಗ್ಗೆ ತೋಳಿಗೋ ಎದೆಗೋ, ಕೂದಲಿಲ್ಲದ ಜಾಗಕ್ಕೆ ಹಚ್ಚಬೇಕು. ಮರುದಿನ ಬೇರೆ ಜಾಗಕ್ಕೆ ಹೊಸದು. ಆರು ವಾರ ಹೀಗೆ, ಆಮೇಲೆ ಎರಡು ವಾರ 14, ಇನ್ನೆರಡು ವಾರ 7. ರಾತ್ರಿಯೂ ಇಟ್ಟುಕೊಂಡರೆ ಬೆಳಗಿನ ಆ ಮೊದಲ ತಲುಬು ತಗ್ಗುತ್ತದೆ. ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವಾಗ ತೆಗೆಯಿರಿ.

ಪ್ಯಾಚು ತಳದಲ್ಲಿ ನಿಧಾನವಾಗಿ ಉರಿಯುವ ಒಲೆ ಇದ್ದ ಹಾಗೆ. ದಿಢೀರ್ ಬರುವ ತಲುಬಿಗೆ ಗಮ್ ಬೇಕು. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ಬಬಲ್ ಗಮ್ ಥರ ಬಿಡದೆ ಅಗಿದು ರಸ ನುಂಗುತ್ತಾರೆ. ಬಿಕ್ಕಳಿಕೆ, ಎದೆ ಉರಿ ಬರುತ್ತದೆ, "ಇದು ನನಗೆ ಆಗಿಬರಲ್ಲ" ಅಂತ ಎಸೆಯುತ್ತಾರೆ. ಸರಿಯಾದ ಕ್ರಮ ಬೇರೆ. ನಿಧಾನಕ್ಕೆ ಅಗಿಯಿರಿ. ಬಾಯಲ್ಲಿ ಮೆಣಸಿನಂಥ ಖಾರ, ಚುರುಚುರು ಬಂದ ತಕ್ಷಣ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಿ. ಖಾರ ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಬಾಯಿಯ ಒಳಚರ್ಮದಿಂದ, ಹೊಟ್ಟೆಯಿಂದಲ್ಲ. ಕಾಫಿ ಕುಡಿದು ಕಾಲು ಗಂಟೆಯೊಳಗೆ ಗಮ್ ಹಾಕಿಕೊಂಡರೆ ಬಾಯಿ ಹುಳಿಯಾಗಿ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಬೆಳಗಿನ ಕಾಫಿಯ ಜೊತೆಗೇ ಸೇದುವವರಿಗೆ ಇದು ಮುಖ್ಯ. ಮೊದಲು ಗಮ್ ಮುಗಿಸಿ, ಆಮೇಲೆ ಕಾಫಿ ಕುಡಿಯಿರಿ.

ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಎದೆನೋವು ಅಥವಾ ಬಡಿತದ ತೊಂದರೆ ಇದ್ದರೆ ಪ್ಯಾಚು ಹಚ್ಚುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ವಾರೆನಿಕ್ಲಿನ್ ಬೇಕಿದ್ದರೆ ಡಾಕ್ಟರ ಚೀಟಿ ಬೇಕೇ ಬೇಕು. ಅದನ್ನು ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರು ಮಾಡುತ್ತಾರೆ, ಕೆಲವರಿಗೆ ವಾಕರಿಕೆ ಬರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಕಡಿಮೆ ಮಾಡಬೇಕು.

ಮಾತಿನ ಆಸರೆಗೆ 9,000 ಬೇಡ. ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮೂರು ಸಲದಲ್ಲಿ ಯಾವ ಯಾವ ದಿನ, ಯಾರ ಜೊತೆ ಇದ್ದಾಗ, ಏನು ಮಾಡುವಾಗ ಮತ್ತೆ ಹಚ್ಚಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡಿ. ಅವರು ಮೊದಲು ಕೇಳುವುದು ಇಂಥದ್ದನ್ನೇ. ನಂಬರ್ ಬರೆದುಕೊಳ್ಳುವುದು ಮರೆತರೂ ಚಿಂತೆಯಿಲ್ಲ, ನಿಮ್ಮ ಜೇಬಿನಲ್ಲಿರುವ ಪ್ಯಾಕಿನ ಎಚ್ಚರಿಕೆ ಚಿತ್ರದ ಜೊತೆ ಅದನ್ನು ಅಚ್ಚು ಹಾಕಿರುತ್ತಾರೆ.